ಬ್ಯಾಂಕು ಉತ್ತರಿಸದಿದ್ದಾಗ: ಒಂಬುಡ್ಸ್‌ಮನ್‌ಗೆ ದೂರು ಕೊಡುವ ಬಗೆ

ಬ್ಯಾಂಕಿಗೆ ನೀವು ಲಿಖಿತ ದೂರು ಕೊಟ್ಟಿದ್ದೀರಿ, ವಾರಗಳು ಕಳೆದರೂ ಉತ್ತರವಿಲ್ಲ ಎಂದುಕೊಳ್ಳೋಣ. ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ನಿಯಮದ ಕಣ್ಣಿನಲ್ಲಿ ಬ್ಯಾಂಕಿನ ಮೌನಕ್ಕೂ ಒಂದು ಅರ್ಥವಿದೆ. ಮೂವತ್ತು ದಿನ ಮೌನವಾಗಿದ್ದರೆ, ದೂರನ್ನು ತಿರಸ್ಕರಿಸಿದಾಗ ನಿಮಗೆ ಸಿಗುವ ಹಕ್ಕೇ ಆಗಲೂ ಸಿಗುತ್ತದೆ: ನೀವು ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಆ ಹಾದಿಯನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು ಒಂಬುಡ್ಸ್‌ಮನ್ ಯಾರೆಂದು ತಿಳಿಯಬೇಕು. ಗ್ರಾಹಕರ ದೂರುಗಳನ್ನು ವಿಚಾರಿಸಲು ಭಾರತೀಯ ರಿಸರ್ವ್ ಬ್ಯಾಂಕು ನೇಮಿಸುವ ಹಿರಿಯ ಅಧಿಕಾರಿ ಅವರು. ಅವರು ನ್ಯಾಯಾಧೀಶರಲ್ಲ, ಅವರ ಮುಂದೆ ವಕೀಲರ ಅಗತ್ಯವೂ ಇಲ್ಲ. ನಿಜ ಹೇಳಬೇಕೆಂದರೆ, ನಿಮ್ಮ ಪರವಾಗಿ ವಕೀಲರು ದೂರು ಸಲ್ಲಿಸುವುದಕ್ಕೆ ಅವಕಾಶವೇ ಇಲ್ಲ. ಮಗಳೋ ನೆರೆಮನೆಯವರೋ ನಿಮ್ಮ ಲಿಖಿತ ಒಪ್ಪಿಗೆ ಪಡೆದು ಸಲ್ಲಿಸಬಹುದು. ಶುಲ್ಕವೂ ಇಲ್ಲ. 1995ರಲ್ಲಿ ಆರಂಭವಾದ ಈ ವ್ಯವಸ್ಥೆ 2021ರ ನವೆಂಬರ್ 12ರಿಂದ ‘ಸಮಗ್ರ ಒಂಬುಡ್ಸ್‌ಮನ್ ಯೋಜನೆ’ಯಾಯಿತು. ಅಂದಿನಿಂದ ಶಾಖೆ ಯಾವ ಊರಿನಲ್ಲಿದೆ, ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಗ್ರಾಹಕರು ಹುಡುಕಬೇಕಾಗಿಲ್ಲ.

ನಮ್ಮ ರಾಜ್ಯದ ಓದುಗರಿಗೆ ಇಲ್ಲೊಂದು ಎಚ್ಚರಿಕೆ. ಊರೂರಲ್ಲಿರುವ ಸೌಹಾರ್ದ ಸಹಕಾರಿಗಳು ಮತ್ತು ಪತ್ತಿನ ಸಹಕಾರ ಸಂಘಗಳು ನೋಡಲು ಬ್ಯಾಂಕಿನಂತೆಯೇ ಇದ್ದರೂ ರಿಸರ್ವ್ ಬ್ಯಾಂಕಿನ ಅಧೀನದಲ್ಲಿಲ್ಲ. ಅವುಗಳ ಮೇಲಿನ ದೂರು ಸಹಕಾರ ಇಲಾಖೆಗೆ ಹೋಗಬೇಕು, ಒಂಬುಡ್ಸ್‌ಮನ್‌ಗಲ್ಲ.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. 2024ರ ಮಾರ್ಚ್ 4ರಂದು ನೀವು ಎಟಿಎಂನಲ್ಲಿ ₹10,000 ತೆಗೆಯಲು ಹೋದಿರಿ. ಹಣ ಹೊರಬರಲಿಲ್ಲ, ಆದರೆ ಖಾತೆಯಿಂದ ಕಡಿತವಾದ ಎಸ್‌ಎಂಎಸ್ ಬಂತು. ಇಂಥ ಪ್ರಸಂಗಕ್ಕೆಂದೇ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ. ಅದರಂತೆ ವ್ಯವಹಾರ ನಡೆದ ದಿನದಿಂದ ಐದು ದಿನದೊಳಗೆ ಹಣ ಮರಳಿ ಜಮೆಯಾಗಬೇಕು. ತಪ್ಪಿದರೆ ತಡವಾದ ಪ್ರತಿ ದಿನಕ್ಕೂ ₹100 ಪರಿಹಾರವನ್ನು ಬ್ಯಾಂಕು ತಾನಾಗಿಯೇ ಕೊಡಬೇಕು, ಗ್ರಾಹಕ ಕೇಳುವವರೆಗೆ ಕಾಯುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಗಡುವು ಮಾರ್ಚ್ 9ಕ್ಕೆ ಮುಗಿಯಿತು. ಎಟಿಎಂ ಬೇರೆ ಬ್ಯಾಂಕಿನದಾಗಿದ್ದರೂ ನೀವು ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೇ.

ಮಾರ್ಚ್ 11ರಂದು ನೀವು ಶಾಖೆಗೆ ದೂರಿನ ಪತ್ರ ಕೊಟ್ಟಿರಿ. ಮುಂದಿನದೆಲ್ಲ ಈ ಒಂದು ಕಾಗದದ ಮೇಲೆ ನಿಂತಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ದೂರನ್ನು ಮೊದಲು ಬ್ಯಾಂಕಿಗೆ ಕೊಟ್ಟಿರಲೇಬೇಕು, ಕೊಟ್ಟಿದ್ದಕ್ಕೆ ಪುರಾವೆಯೂ ಇರಬೇಕು ಎನ್ನುವುದು ಯೋಜನೆಯ ಮೊದಲ ಷರತ್ತು. ಪತ್ರವಾದರೆ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಕೌಂಟರಿನಲ್ಲಿ ಹಿಂಜರಿದರೆ ವಾದಿಸಬೇಡಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಮೇಲ್ ಆದರೂ ಸರಿ, ಬ್ಯಾಂಕಿನ ಜಾಲತಾಣದಲ್ಲಿ ನೋಂದಾಯಿಸಿ ಪಡೆದ ದೂರು ಸಂಖ್ಯೆಯಾದರೂ ಸರಿ. ಮ್ಯಾನೇಜರರ ಮುಂದೆ ಕೂತು ಅರ್ಧ ಗಂಟೆ ಮಾತಾಡಿ ಬಂದದ್ದು ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆ ಮಾತುಕತೆಗೆ ದಿನಾಂಕದ ಗುರುತಿಲ್ಲ.

ಬ್ಯಾಂಕಿಗೆ ದೂರು ತಲುಪಿದ ದಿನದಿಂದ ಮೂವತ್ತು ದಿನ ಎಣಿಸಿ. ನಮ್ಮ ಲೆಕ್ಕದಲ್ಲಿ ಅದು ಏಪ್ರಿಲ್ 10ಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲೇ, ಉತ್ತರವೂ ಬಾರದಿರುವಾಗ, ಒಂಬುಡ್ಸ್‌ಮನ್‌ಗೆ ಬರೆದರೆ ದೂರು ವಿಚಾರಣೆಗೇ ಬಾರದೆ ಮುಚ್ಚಿಹೋಗುತ್ತದೆ. ಆತುರದವರು ಎಡವುವುದು ಇಲ್ಲಿಯೇ. ಬಹಳ ತಡ ಮಾಡಿದರೂ ಕಷ್ಟ. 2021ರ ಯೋಜನೆಯಲ್ಲಿ, ಬ್ಯಾಂಕಿನಿಂದ ಉತ್ತರ ಬಾರದಿದ್ದರೆ, ದೂರು ಕೊಟ್ಟ ದಿನದಿಂದ ಒಂದು ವರ್ಷ ಮೂವತ್ತು ದಿನ ಕೊನೆಯ ಗಡುವು. ಇಂಥ ಗಡುವುಗಳನ್ನು ರಿಸರ್ವ್ ಬ್ಯಾಂಕು ಪರಿಷ್ಕರಿಸಬಹುದು. ಆದ್ದರಿಂದ ಮೂವತ್ತು ದಿನ ದಾಟಿದ ಮೇಲೆ ಕಾಯದೆ ಸಲ್ಲಿಸಿಬಿಡುವುದು ನನ್ನ ಸಲಹೆ. ಇದೇ ವಿಷಯ ನ್ಯಾಯಾಲಯದಲ್ಲಿದ್ದರೆ ಅಥವಾ ಅಲ್ಲಿ ಇತ್ಯರ್ಥವಾಗಿದ್ದರೆ ಈ ಬಾಗಿಲು ತೆರೆಯುವುದಿಲ್ಲ.

ಸಲ್ಲಿಸುವುದು ಎಲ್ಲಿ? cms.rbi.org.in ಎಂಬ ಜಾಲತಾಣದಲ್ಲಿ. ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ಕೊಟ್ಟು ಒಳಹೋದರೆ, ಬ್ಯಾಂಕಿಗೆ ಮೊದಲು ದೂರು ಕೊಟ್ಟಿದ್ದೀರಾ, ಯಾವ ದಿನ, ಉತ್ತರ ಬಂದಿದೆಯೇ ಎಂದು ಅದು ಕೇಳುತ್ತದೆ. ಸೀಲು ಬಿದ್ದ ಪ್ರತಿಯನ್ನು ಸ್ಕ್ಯಾನ್ ಮಾಡಿ ಜೋಡಿಸಬೇಕಾದದ್ದು ಇಲ್ಲಿ. ಕಂಪ್ಯೂಟರಿನ ಗೊಡವೆ ಬೇಡವೆನ್ನುವವರು ಕಾಗದದಲ್ಲೇ ಬರೆದು, ಸಹಿ ಮಾಡಿ, ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಮತ್ತು ಸಂಸ್ಕರಣಾ ಕೇಂದ್ರಕ್ಕೆ, ಪಿನ್ 160017, ಕಳಿಸಬಹುದು. ಆ ಕೇಂದ್ರ ಯಾವುದೇ ಭಾಷೆಯ ದೂರನ್ನು ಸ್ವೀಕರಿಸುತ್ತದೆ, ಆದ್ದರಿಂದ ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ. ಸಂದೇಹವಿದ್ದರೆ 14448 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೂ ವಿವರಣೆ ಸಿಗುತ್ತದೆ.

ದೂರಿನಲ್ಲಿ ಸಿಟ್ಟಿಗಿಂತ ದಿನಾಂಕಗಳಿರಲಿ. ಮಾರ್ಚ್ 4ರಂದು ಹಣ ಬರಲಿಲ್ಲ, ಕಡಿತದ ಎಸ್‌ಎಂಎಸ್ ಇದು, ಮಾರ್ಚ್ 11ರ ದೂರಿನ ಪ್ರತಿ ಇದು, ಏಪ್ರಿಲ್ 10 ಕಳೆದರೂ ಉತ್ತರವಿಲ್ಲ. ಬಳಿಕ ನಿಮಗೆ ಬೇಕಾದದ್ದನ್ನು ನೇರವಾಗಿ ಕೇಳಿ: ₹10,000, ಜೊತೆಗೆ ಮಾರ್ಚ್ 10ರಿಂದ ಹಣ ಜಮೆಯಾಗುವವರೆಗೆ ದಿನಕ್ಕೆ ₹100. ಇನ್ನೊಂದು ಮಾತನ್ನೂ ಸೇರಿಸಬಹುದು. ಎಟಿಎಂ ಯಂತ್ರ ತನ್ನ ಪ್ರತಿ ವ್ಯವಹಾರವನ್ನೂ ಒಂದು ದಾಖಲೆಯಲ್ಲಿ ಬರೆದಿಡುತ್ತದೆ, ಅದನ್ನು ಬ್ಯಾಂಕಿನವರು ‘ಎಲೆಕ್ಟ್ರಾನಿಕ್ ಜರ್ನಲ್’ ಎನ್ನುತ್ತಾರೆ. ‘ವ್ಯವಹಾರ ಯಶಸ್ವಿಯಾಗಿದೆ’ ಎಂದು ಬ್ಯಾಂಕು ವಾದಿಸಿದರೆ ಆ ದಾಖಲೆ, ಆ ದಿನದ ನಗದು ತಾಳೆಯ ವರದಿ ಮತ್ತು ಸಿಸಿಟಿವಿ ದೃಶ್ಯವನ್ನು ಹಾಜರುಪಡಿಸಲಿ ಎಂದು ಕೋರಿ. ಯಂತ್ರದಲ್ಲಿ ಅಂದು ₹10,000 ಹೆಚ್ಚಿಗೆ ಉಳಿದಿದ್ದರೆ ಅದು ತಾಳೆಯಲ್ಲಿ ಕಾಣಬೇಕು.

ದೂರು ಅಂಗೀಕಾರವಾದರೆ ಅದರ ಪ್ರತಿ ಬ್ಯಾಂಕಿಗೆ ಹೋಗುತ್ತದೆ, ಲಿಖಿತ ಉತ್ತರಕ್ಕೆ ಅದಕ್ಕೆ ಹದಿನೈದು ದಿನ ಸಮಯ. ಇಷ್ಟು ದಿನ ಮೌನವಾಗಿದ್ದ ಬ್ಯಾಂಕಿನಿಂದ ಈ ಹಂತದಲ್ಲಿ ನಿಮಗೆ ಫೋನ್ ಬರಬಹುದು. ಏಪ್ರಿಲ್ 25ರಂದು ಖಾತೆಗೆ ₹10,000 ಜಮೆಯಾಯಿತು, ‘ದೂರು ಹಿಂಪಡೆಯಿರಿ’ ಎಂದರು ಎಂದಿಟ್ಟುಕೊಳ್ಳಿ. ಒಪ್ಪುವ ಮೊದಲು ಲೆಕ್ಕ ಹಾಕಿ: ಮಾರ್ಚ್ 9ರ ಗಡುವಿನಿಂದ ಏಪ್ರಿಲ್ 25ರವರೆಗೆ 47 ದಿನ ತಡ, ಅಂದರೆ ಇನ್ನೂ ₹4,700 ಬರಬೇಕು. ಅದು ಬಂದಿಲ್ಲವಾದರೆ ದೂರು ಇನ್ನೂ ಬಗೆಹರಿದಿಲ್ಲ ಎಂದೇ ಬರೆದು ತಿಳಿಸಿ.

ಒಂಬುಡ್ಸ್‌ಮನ್ ಮೊದಲು ಇಬ್ಬರ ನಡುವೆ ರಾಜಿಗೆ ಯತ್ನಿಸುತ್ತಾರೆ. ಆಗದಿದ್ದರೆ ದಾಖಲೆಗಳನ್ನು ನೋಡಿ ದೂರನ್ನು ತಿರಸ್ಕರಿಸಬಹುದು ಅಥವಾ ‘ಅವಾರ್ಡ್’, ಅಂದರೆ ಬ್ಯಾಂಕು ಪಾಲಿಸಬೇಕಾದ ತೀರ್ಪು, ಕೊಡಬಹುದು. ಅವಾರ್ಡ್ ಕೈಗೆ ಬಂದ ಮೂವತ್ತು ದಿನದೊಳಗೆ ‘ಪೂರ್ಣ ಇತ್ಯರ್ಥವಾಗಿ ಒಪ್ಪಿದ್ದೇನೆ’ ಎಂಬ ಪತ್ರವನ್ನು ನೀವು ಬ್ಯಾಂಕಿಗೆ ಕೊಡಬೇಕು. ಕೊಡದಿದ್ದರೆ ಗೆದ್ದ ಅವಾರ್ಡ್ ಕೂಡ ಜಾರಿಯಾಗದೆ ಬಿದ್ದುಹೋಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಅಷ್ಟೇ ಅವಧಿಯಲ್ಲಿ ರಿಸರ್ವ್ ಬ್ಯಾಂಕಿನ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು.

ಬ್ಯಾಂಕಿಗೂ ಮೇಲ್ಮನವಿಯ ಹಕ್ಕಿದೆ, ಒಂದು ಸಂದರ್ಭವನ್ನು ಬಿಟ್ಟು. ಒಂಬುಡ್ಸ್‌ಮನ್ ಕೇಳಿದಾಗಲೂ ಅದು ಉತ್ತರಿಸದೆ, ದಾಖಲೆ ಕೊಡದೆ ಕೂತರೆ, ಅವರು ನಿಮ್ಮ ಕಾಗದಗಳನ್ನಷ್ಟೇ ಆಧರಿಸಿ ಅವಾರ್ಡ್ ಕೊಡಬಹುದು. ಆ ಅವಾರ್ಡ್ ವಿರುದ್ಧ ಬ್ಯಾಂಕು ಮೇಲ್ಮನವಿ ಸಲ್ಲಿಸುವಂತಿಲ್ಲ.