ಕುಕ್ಕರಿನ ಗ್ಯಾಸ್ಕೆಟ್ ಗಡುಸಾದಾಗ

ಬೇಳೆ ಇಟ್ಟು ಇಪ್ಪತ್ತು ನಿಮಿಷವಾದರೂ ಕುಕ್ಕರ್ ಕೂಗದೆ, ಮುಚ್ಚಳದ ಅಂಚಿನಿಂದ ಹಬೆ ಸೋರುವುದನ್ನು ಎಲ್ಲರೂ ಕಂಡಿರುತ್ತೀರಿ. ಆಗ ಗ್ಯಾಸ್ಕೆಟಿನ ಹಿಂದೆ ದಾರ ಸುತ್ತುವುದು ಅಥವಾ ಅಂಚಿಗೆ ಹಿಟ್ಟು ಮೆತ್ತುವುದು ರೂಢಿ. ಇದು ಅಪಾಯಕರ.

ರಬ್ಬರ್ ಏಕೆ ಗಡುಸಾಗುತ್ತದೆ?

ರಬ್ಬರಿನ ಅಣುಗಳು ಉದ್ದನೆಯ ಸರಪಳಿಗಳಂತಿರುತ್ತವೆ. ತಯಾರಿಕೆಯಲ್ಲಿ ಗಂಧಕದಿಂದ ಇವನ್ನು ಅಲ್ಲಲ್ಲಿ ಬೆಸೆದಿರುವುದರಿಂದ ರಬ್ಬರ್ ಒತ್ತಿದರೆ ಕುಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಕುಕ್ಕರಿನ ಒಳಗೆ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಕುಕ್ಕರುಗಳಲ್ಲಿ ಹೆಚ್ಚಾಗಿ ಬಳಸುವ ನೈಟ್ರೈಲ್ ರಬ್ಬರಿಗೆ ಇದು ತಾಳಿಕೆಯ ಅಂಚು. ಈ ಕಾವು ಮತ್ತು ಗಾಳಿಯ ಆಮ್ಲಜನಕ ಸೇರಿ ಸರಪಳಿಗಳ ನಡುವೆ ಹೊಸ ಹೊಸ ಬೆಸುಗೆ ಹಾಕುತ್ತವೆ. ಬೆಸುಗೆ ಹೆಚ್ಚಿದಷ್ಟೂ ಬಾಗುವ ಗುಣ ಕಡಿಮೆ. ಬಿಸಿಲಿನಲ್ಲಿ ಬಿಟ್ಟ ಸಿಂಪರಣಾ ಯಂತ್ರದ ರಬ್ಬರ್ ಕೊಳವೆ ಬಿರುಕು ಬಿಡುವುದೂ ಇಂಥದೇ ಹಾನಿ.

ಅಪಾಯ ಎಲ್ಲಿದೆ?

ಮುಚ್ಚಳ ಹೊರಗಿನಿಂದ ಕೂರುವ ಅನೇಕ ಕುಕ್ಕರುಗಳಲ್ಲಿ ಮುಚ್ಚಳದ ಅಂಚಿಗೆ ಒಂದು ಸೀಳುಕಿಂಡಿ ಇರುತ್ತದೆ. ಹಬೆಯ ದಾರಿಗೆ ಬೇಳೆಯ ಸಿಪ್ಪೆ ಸಿಕ್ಕಿ ಒತ್ತಡ ಏರಿದರೆ, ಮೆತ್ತನೆಯ ಗ್ಯಾಸ್ಕೆಟ್ ಈ ಕಿಂಡಿಯಿಂದ ಹೊರಕ್ಕೆ ಉಬ್ಬಿ ಹಬೆಯನ್ನು ಬಿಡಬೇಕು. ಗಡುಸಾದ ಗ್ಯಾಸ್ಕೆಟ್ ಸಕಾಲದಲ್ಲಿ ಉಬ್ಬಲಾರದು. ದಾರ ಸುತ್ತಿದರೆ ಆ ದಾರಿಯೂ ಬಿಗಿಯುತ್ತದೆ. ಆಗ ಉಳಿಯುವುದು ಸುರಕ್ಷಾ ಕವಾಟ ಒಂದೇ.

ಸಿಲಿಕೋನ್ ಯಾವಾಗ?

ಸಿಲಿಕೋನಿನ ಸರಪಳಿ ಸಿಲಿಕಾನ್ ಮತ್ತು ಆಮ್ಲಜನಕದಿಂದ ಆದದ್ದು. ಒಣ ಕಾವಿನಲ್ಲಿ ಇದು 200 ಡಿಗ್ರಿಯವರೆಗೂ ಮೆತ್ತಗಿರುತ್ತದೆ. ದಿನಕ್ಕೆ ಎರಡು ಮೂರು ಬಾರಿ ಕುಕ್ಕರ್ ಇಡುವ ಮನೆಗಳಲ್ಲಿ, ಸೌದೆಯ ಉರಿ ಪಾತ್ರೆಯ ಅಂಚಿನವರೆಗೆ ಏರುವ ಒಲೆಗಳಲ್ಲಿ ಸಿಲಿಕೋನ್ ಮೇಲು. ಆದರೆ ನಿಮ್ಮ ಕುಕ್ಕರಿನ ಆ ಮಾದರಿಗೆಂದೇ ತಯಾರಕರು ಕೊಟ್ಟ ಗ್ಯಾಸ್ಕೆಟನ್ನೇ ಕೊಳ್ಳಬೇಕು. ಅಳತೆ ಒಂದೇ ಆದರೂ ಮೆದುತನ ಬೇರೆಯಾದರೆ ಕಿಂಡಿಯಿಂದ ಹೊರಬರುವ ಒತ್ತಡವೂ ಬೇರೆಯಾಗುತ್ತದೆ. ಬಿಳಿ ಬಣ್ಣ ನೋಡಿ ಸಿಲಿಕೋನ್ ಎಂದು ನಂಬಬಾರದು. ಬಿಳಿಯ ರಬ್ಬರೂ ಉಂಟು. ಸಿಲಿಕೋನ್ ಸುಲಭವಾಗಿ ಹರಿಯುವುದರಿಂದ ಚಾಕುವಿನಿಂದ ಮೀಟಿ ತೆಗೆಯಬಾರದು.

ಪರೀಕ್ಷಿಸುವ ಬಗೆ

ಗ್ಯಾಸ್ಕೆಟನ್ನು ತೊಳೆದು ಒರೆಸಿ, ಬೆರಳುಗಳ ನಡುವೆ ಮಡಿಚಿ ಹಿಡಿಯಿರಿ. ಮಡಿಕೆಯ ಹೊರಬದಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಅಥವಾ ಮುಚ್ಚಳದ ಅಂಚು ಒತ್ತಿದ ಗುರುತು ಮಾರನೆಯ ದಿನವೂ ಚಪ್ಪಟೆಯಾಗಿಯೇ ಉಳಿದಿದ್ದರೆ ಬದಲಾಯಿಸಬೇಕು. ಬೇರೆ ರಿಪೇರಿ ಇಲ್ಲ. ಕುಕ್ಕರಿನಲ್ಲಿ ನೀರು ಪೂರ್ತಿ ಇಂಗಿ ತಳ ಸೀದ ದಿನವೂ ತಪ್ಪದೆ ಪರೀಕ್ಷಿಸಿ, ಏಕೆಂದರೆ ಅಂದು ಗ್ಯಾಸ್ಕೆಟ್ 120 ಡಿಗ್ರಿಗಿಂತ ಹೆಚ್ಚಿನ ಕಾವು ತಿಂದಿರುತ್ತದೆ.

ಪ್ರತಿ ಅಡಿಗೆಯ ನಂತರ ಗ್ಯಾಸ್ಕೆಟನ್ನು ಬಿಡಿಸಿ ತೊಳೆದು, ನೆರಳಿನಲ್ಲಿ ಒಣಗಿಸಿ, ಮುಚ್ಚಳ ಬಿಗಿಯದೆ ಇಡಬೇಕು.