ಬೆಲೆ ಬಂತು, ಷೇರು ಬರಲಿಲ್ಲ

20 ಡಾಲರ್‌ಗೆ ವಹಿವಾಟು ನಡೆದರೂ ನಿಮ್ಮ 500 ಷೇರುಗಳ ಖರೀದಿ ಆರ್ಡರ್ ಹಾಗೇ ಉಳಿದದ್ದು ಬ್ರೋಕರ್ ತಪ್ಪಲ್ಲ. ಅಮೆರಿಕದ ನಾಸ್ಡಾಕ್‌ನಲ್ಲಿ ಮೊದಲ ಆದ್ಯತೆ ಉತ್ತಮ ಬೆಲೆಗೆ. ಬೆಲೆ ಒಂದೇ ಆದರೆ ಮೊದಲು ಬಂದವರಿಗೆ. ನಿಮ್ಮ ಮುಂದೆ 8,000 ಷೇರುಗಳ ಆರ್ಡರ್‌ಗಳಿದ್ದು, ಮಾರಾಟಕ್ಕೆ ಬಂದದ್ದು 6,000 ಎಂದಿಟ್ಟುಕೊಳ್ಳಿ. ಇನ್ನೂ 2,000 ಮುಗಿದ ಮೇಲಷ್ಟೇ ನಿಮ್ಮ ಸರದಿ. ಆ ಹೊತ್ತಿಗೆ ನೀವು 500 ಅನ್ನು 700 ಮಾಡಿದಿರಿ. ಸಾಲಿನ ಕೊನೆಗೆ ಹೋದಿರಿ. ಪ್ರಮಾಣ ಇಳಿಸಿದ್ದರೆ ಜಾಗ ಉಳಿಯುತ್ತಿತ್ತು. ಹೆಚ್ಚು ಬೇಕಿದ್ದರೆ ಹೊಸದಾಗಿ 200ರ ಆರ್ಡರ್ ಹಾಕಿ.

ಕಾದು ನಿಂತ ಆರ್ಡರ್‌ಗೆ ವಿನಿಮಯ ಕೇಂದ್ರ ರಿಬೇಟ್ ಕೊಡುತ್ತದೆ, ತಕ್ಷಣ ಕೊಳ್ಳುವವರಿಂದ ಶುಲ್ಕ ಪಡೆಯುತ್ತದೆ. ಆದರೆ ರಿಬೇಟ್‌ಗೆಂದೇ ಸಾಲಿನ ತುದಿಯಲ್ಲಿ ನಿಲ್ಲಬೇಡಿ. ಷೇರಿಗೆ 0.2 ಸೆಂಟ್ ಎಂದರೂ 500ಕ್ಕೆ ಸಿಗುವುದು 1 ಡಾಲರ್. ತುದಿಯವರಿಗೆ ಷೇರು ಸಿಗುವುದು ಹೆಚ್ಚಾಗಿ ಮಾರುವವರು ಮುಗಿಬಿದ್ದಾಗ. ಮರುಕ್ಷಣ ಬೆಲೆ 1 ಸೆಂಟ್ ಇಳಿದರೆ 5 ಡಾಲರ್ ನಷ್ಟ. ಸಾಲಿನ ಮುಂದಿರುವವರಿಗೆ ಸಣ್ಣ ಮಾರಾಟದಲ್ಲೂ ಷೇರು ಸಿಗುತ್ತದೆ, ಆಗ ಬೆಲೆ ನಿಲ್ಲುವ ಸಾಧ್ಯತೆ ಹೆಚ್ಚು.

ರಿಬೇಟ್ ನಿಮ್ಮ ಖಾತೆಗೇ ಬರುತ್ತದೆಯೇ ಎಂದೂ ವಿಚಾರಿಸಿ. ಕಮಿಷನ್ ಇಲ್ಲದ ಖಾತೆಗಳಲ್ಲಿ ಅದು ಸಾಮಾನ್ಯವಾಗಿ ಬ್ರೋಕರ್ ಬಳಿಯೇ ಉಳಿಯುತ್ತದೆ.