ಡಿವಿಡೆಂಡ್ ಬಂದಾಗ ಆಪ್ಷನ್ ಬೆಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2025ರ ಮೇ ಕೊನೆಯ ವಾರ ಇನ್ಫೊಸಿಸ್‌ನ ಜೂನ್ ಆಪ್ಷನ್ ನೋಡುತ್ತಿದ್ದೆ. ಷೇರಿನ ಬೆಲೆಯ ಆಸುಪಾಸಿನ ಸ್ಟ್ರೈಕ್‌ನಲ್ಲೇ ಕಾಲ್‌ಗಿಂತ ಪುಟ್ ದುಬಾರಿ ಕಾಣುತ್ತಿತ್ತು. ಷೇರು ಬೀಳುತ್ತದೆಂಬ ಸೂಚನೆಯೇ ಅದು?
– ಓದುಗರು, ಚಿಂತಾಮಣಿ

ಅಷ್ಟರಿಂದಲೇ ಹಾಗೆ ತೀರ್ಮಾನಿಸಬೇಡಿ. ಷೇರಿಗೆ 22 ರೂಪಾಯಿಯ ಅಂತಿಮ ಡಿವಿಡೆಂಡನ್ನು ಕಂಪನಿ ಏಪ್ರಿಲ್‌ನಲ್ಲೇ ಘೋಷಿಸಿತ್ತು. ಎಕ್ಸ್-ಡಿವಿಡೆಂಡ್ ದಿನ ಮೇ 30. ಆ ದಿನ ಕಂಪನಿಯಿಂದ ಹೊರಹೋಗುವ ಹಣದಷ್ಟು ಷೇರಿನ ಬೆಲೆಯೂ ಇಳಿಯಬೇಕು. ಡಿವಿಡೆಂಡ್ ಸಿಗುವುದು ಷೇರು ಇಟ್ಟುಕೊಂಡವರಿಗೆ, ಕಾಲ್ ಕೊಂಡವರಿಗಲ್ಲ. ಹಾಗಾಗಿ ಕಾಲ್‌ನ ಪ್ರೀಮಿಯಂ ಮೊದಲೇ ತಗ್ಗಿರುತ್ತದೆ, ಪುಟ್‌ನದು ಏರಿರುತ್ತದೆ.

ಸುಲಭದ ಅಂಕಿ ಹಿಡಿಯೋಣ. ಷೇರು 1,600, ಸ್ಟ್ರೈಕ್ 1,600, ಎಕ್ಸ್‌ಪೈರಿಗೆ 30 ದಿನ, ಬಡ್ಡಿ ಶೇ 7. ಡಿವಿಡೆಂಡ್ ಇಲ್ಲದಿದ್ದರೆ 1,600 ರೂಪಾಯಿಗೆ ತಿಂಗಳ ಬಡ್ಡಿಯಾದ ಸುಮಾರು 9 ರೂಪಾಯಿಯಷ್ಟು ಕಾಲ್ ದುಬಾರಿಯಾಗಿರುತ್ತಿತ್ತು. ಅದರಿಂದ 22 ಕಳೆಯಿರಿ: ಈಗ ಕಾಲ್ 13 ರೂಪಾಯಿ ಅಗ್ಗ. ನೀವು ಕಂಡದ್ದು ಈ ವ್ಯತ್ಯಾಸವನ್ನು.

ಆ ವರ್ಷದ ಮೇ ಸರಣಿ ಮುಗಿದದ್ದು 29ರ ಗುರುವಾರ, ಎಕ್ಸ್-ಡಿವಿಡೆಂಡ್‌ನ ಹಿಂದಿನ ದಿನ. ಆದ್ದರಿಂದ ಮೇ ಆಪ್ಷನ್‌ಗಳಿಗೆ ಈ 22 ರೂಪಾಯಿಯ ಬಿಸಿ ತಟ್ಟಲಿಲ್ಲ. ಭಾರವೆಲ್ಲ ಜೂನ್ ಸರಣಿಯ ಮೇಲೆ. ಯಾವುದೇ ಆಪ್ಷನ್ ಕೊಳ್ಳುವ ಮುಂಚೆ ಎಕ್ಸ್-ಡಿವಿಡೆಂಡ್ ದಿನ ಎಕ್ಸ್‌ಪೈರಿಗೆ ಮೊದಲು ಬರುತ್ತದೆಯೋ ಆಮೇಲೋ ನೋಡಿಕೊಳ್ಳಿ.

ಪ್ರಶ್ನೆ: ಡಿವಿಡೆಂಡ್ ಬಂದರೆ ಎಕ್ಸ್‌ಚೇಂಜೇ ಸ್ಟ್ರೈಕ್ ಇಳಿಸುತ್ತದೆ ಎನ್ನುತ್ತಾರೆ. ನಿಜವೇ?
– ಓದುಗರು, ಚಿಕ್ಕಬಳ್ಳಾಪುರ

ದೊಡ್ಡ ಡಿವಿಡೆಂಡ್‌ಗೆ ಮಾತ್ರ. 2022ರಲ್ಲಿ ಸೆಬಿ ತಂದ ಬದಲಾವಣೆಯಂತೆ, ಡಿವಿಡೆಂಡ್ ಷೇರಿನ ಮಾರುಕಟ್ಟೆ ಬೆಲೆಯ ಶೇ 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಷ್ಟೂ ಮೊತ್ತವನ್ನು ಸ್ಟ್ರೈಕ್‌ನಿಂದ ಕಳೆಯುತ್ತಾರೆ. 1,600ರ ಷೇರಿಗೆ ಅದು 32 ರೂಪಾಯಿ. ಮೇಲಿನ 22 ರೂಪಾಯಿ ಆ ಗಡಿಯೊಳಗೇ ಇತ್ತು. ಅಂಥ ಡಿವಿಡೆಂಡಿನ ಲೆಕ್ಕವನ್ನು ಪ್ರೀಮಿಯಂನಲ್ಲೇ ಹಿಡಿಯಬೇಕು.

ಪ್ರಶ್ನೆ: ಷೇರು 1,600 ಇದ್ದಾಗ 1,400ರ ಕಾಲ್ 200ಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಕೊಂಡು ತಕ್ಷಣ ಹಕ್ಕು ಚಲಾಯಿಸೋಣವೆಂದರೆ ಆ್ಯಪ್‌ನಲ್ಲಿ ದಾರಿಯೇ ಇಲ್ಲ.
– ಓದುಗರು, ಶಿಡ್ಲಘಟ್ಟ

ನಮ್ಮಲ್ಲಿ ಆ ಹಕ್ಕೇ ಇಲ್ಲ. ಪರದೆಯ ಮೇಲಿನ CE ಎಂಬುದರ E ಅಕ್ಷರ ಯುರೋಪಿಯನ್ ಮಾದರಿಯನ್ನು ಸೂಚಿಸುತ್ತದೆ: ಹಕ್ಕು ಎಕ್ಸ್‌ಪೈರಿ ದಿನಕ್ಕೆ ಮಾತ್ರ. 2011ಕ್ಕೆ ಮುಂಚೆ ಎನ್‌ಎಸ್‌ಇಯ ಷೇರು ಆಪ್ಷನ್‌ಗಳು ಅಮೆರಿಕನ್ ಮಾದರಿಯವು, CA ಎಂಬ ಗುರುತಿನವು. ಅವನ್ನು ಯಾವಾಗ ಬೇಕಾದರೂ ಚಲಾಯಿಸಬಹುದಿತ್ತು. ಈಗ ನಿಮ್ಮ ಕಾಲ್ ಡಿವಿಡೆಂಡ್ ಇಳಿತವನ್ನು ದಾಟಿಯೇ ಕೊನೆ ಮುಟ್ಟಬೇಕು. ಮೊದಲ ಪ್ರಶ್ನೆಯ ಅಂಕಿಗಳನ್ನೇ ಹಿಡಿದು, 200ರಿಂದ 22 ಕಳೆದು, 1,400ರ ಮೇಲಿನ ತಿಂಗಳ ಬಡ್ಡಿ 8 ಕೂಡಿಸಿದರೆ 186. ಇದರ ಮೇಲೆ ಅದೇ ಸ್ಟ್ರೈಕ್‌ನ ಪುಟ್‌ನಷ್ಟು ಸಣ್ಣ ಮೊತ್ತ ಸೇರುತ್ತದೆ. ಅದೇ ಅದರ ಸರಿಯಾದ ಬೆಲೆ. ಬಿಟ್ಟಿ ಲಾಭವೇನೂ ಅಲ್ಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ತನ್ನ ಷೇರಿನ ಮೇಲೆ ಕಾಲ್ ಮಾರಿದ್ದ. ಎಕ್ಸ್‌ಪೈರಿಗೆ ದಿನಗಳಿದ್ದರೂ ಎಕ್ಸ್-ಡಿವಿಡೆಂಡ್ ದಿನ ಬೆಳಗ್ಗೆ ನೋಡಿದರೆ ಷೇರು ಕೈಬಿಟ್ಟಿದೆ, ಡಿವಿಡೆಂಡೂ ಹೋಗಿದೆ. ಹೀಗೇಕಾಯಿತು?
– ಓದುಗರು, ಗೌರಿಬಿದನೂರು

ಅಲ್ಲಿನ ಷೇರು ಆಪ್ಷನ್‌ಗಳು ಇಂದಿಗೂ ಅಮೆರಿಕನ್ ಮಾದರಿಯವು. ಕಾಲ್ ಕೊಂಡವರ ಲೆಕ್ಕದಿಂದ ನೋಡಿ. ಷೇರು 100 ಡಾಲರ್, ಸ್ಟ್ರೈಕ್ 80, ಡಿವಿಡೆಂಡ್ 1 ಡಾಲರ್, ಎಕ್ಸ್‌ಪೈರಿಗೆ 10 ದಿನ ಎನ್ನೋಣ. ಇಂದೇ ಹಕ್ಕು ಚಲಾಯಿಸಿದರೆ ಷೇರಿನ ಜೊತೆ ಆ 1 ಡಾಲರ್ ಅವರದಾಗುತ್ತದೆ. ಕಳೆದುಕೊಳ್ಳುವುದು ಎರಡು. 80 ಡಾಲರನ್ನು 10 ದಿನ ಮೊದಲೇ ಕಟ್ಟುವುದರಿಂದ, ಶೇ 5ರ ದರದಲ್ಲಿ, 11 ಸೆಂಟ್ ಬಡ್ಡಿ. ಷೇರು 80ಕ್ಕಿಂತ ಕೆಳಗೆ ಕುಸಿದರೆ ಕೊಳ್ಳದೇ ಬಿಡುವ ರಕ್ಷಣೆ ಇನ್ನೊಂದು. ಅದರ ಬೆಲೆ ಅದೇ ಸ್ಟ್ರೈಕ್‌ನ ಪುಟ್‌ನ ಬೆಲೆ, 5 ಸೆಂಟ್ ಎನ್ನಿ. ಒಟ್ಟು 16 ಸೆಂಟ್ ಬಿಟ್ಟು 1 ಡಾಲರ್ ಪಡೆಯುವುದು ಲಾಭ. ಅದೇ ಸ್ಟ್ರೈಕ್ 100 ಆಗಿದ್ದು ಅದರ ಪುಟ್ 2 ಡಾಲರ್ ಇದ್ದರೆ ಯಾರೂ ಚಲಾಯಿಸುವುದಿಲ್ಲ, ಡಿವಿಡೆಂಡ್‌ಗಿಂತ ರಕ್ಷಣೆಯೇ ಬೆಲೆಯುಳ್ಳದ್ದು.

ಇದಕ್ಕೆ ತಕ್ಕ ದಿನ ಎಕ್ಸ್-ಡಿವಿಡೆಂಡ್‌ನ ಹಿಂದಿನ ವಹಿವಾಟು ದಿನ ಮಾತ್ರ. ಅದಕ್ಕೂ ಮೊದಲು ಚಲಾಯಿಸಿದರೆ ಬಡ್ಡಿ, ರಕ್ಷಣೆ ಸುಮ್ಮನೆ ವ್ಯರ್ಥ. ತಡವಾದರೆ ಡಿವಿಡೆಂಡ್ ಇಲ್ಲ. ಡಿವಿಡೆಂಡ್ ಕೊಡದ ಷೇರಿನ ಕಾಲ್ ಅನ್ನು ಅವಧಿಗೆ ಮುನ್ನ ಚಲಾಯಿಸಲು ಸಾಮಾನ್ಯವಾಗಿ ಕಾರಣವೇ ಇರುವುದಿಲ್ಲ.

ಮುಂದಿನ ಸಲ ಆ ಹಿಂದಿನ ದಿನ ಮಾರುಕಟ್ಟೆ ಮುಚ್ಚುವ ಮುಂಚೆ, ತಾನು ಮಾರಿದ ಕಾಲ್‌ನ ಸ್ಟ್ರೈಕ್‌ನಲ್ಲೇ ಪುಟ್ ಎಷ್ಟಿದೆಯೆಂದು ಮಗ ನೋಡಲಿ. ಅದಕ್ಕೆ ಬಡ್ಡಿ ಸೇರಿಸಿದರೂ ಡಿವಿಡೆಂಡ್‌ಗಿಂತ ಕಡಿಮೆಯಿದ್ದರೆ ಷೇರು ಹೋಗುವುದು ಬಹುತೇಕ ಖಚಿತ. ಷೇರು ಉಳಿಯಬೇಕೆಂದಿದ್ದರೆ ಅಂದೇ ಕಾಲ್ ಮರಳಿ ಕೊಳ್ಳಬೇಕು, ಇಲ್ಲವೇ ಹೆಚ್ಚಿನ ಸ್ಟ್ರೈಕ್‌ನ, ದೂರದ ಅವಧಿಯ ಕಾಲ್‌ಗೆ ಬದಲಾಯಿಸಿಕೊಳ್ಳಬೇಕು.